ಹದಿನಾಲ್ಕೋ, ಹದಿನೈದೋ? ಪ್ರಬಂಧಕ್ಕೆ ಅಂಕ ಕೊಡುವ ಕೋಷ್ಟಕ

ಗಣಿತದ ಲೆಕ್ಕಕ್ಕೆ ಇಬ್ಬರು ಮೇಷ್ಟ್ರು ಬೇರೆ ಬೇರೆ ಅಂಕ ಕೊಟ್ಟರೆ ಪೋಷಕರು ಶಾಲೆಗೆ ಹೋಗಿ ಕೇಳುತ್ತಾರೆ. ಪ್ರಬಂಧಕ್ಕೆ ಹಾಗಾದರೆ ಯಾರೂ ಕೇಳುವುದಿಲ್ಲ. ಬರವಣಿಗೆ ಎಂದರೆ ಓದಿದವರ ಅಭಿಪ್ರಾಯ, ಅಂಕ ಒಂದೆರಡು ಹೆಚ್ಚುಕಮ್ಮಿ ಆಗುವುದು ಸಹಜ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಆದರೆ ಹೆಚ್ಚುಕಮ್ಮಿ ಒಂದೆರಡಕ್ಕೇ ನಿಲ್ಲುವುದಿಲ್ಲ ಎಂಬುದು ನೂರು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು.

1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಸಂಶೋಧಕರು ಪ್ರೌಢಶಾಲೆಯ ವಿದ್ಯಾರ್ಥಿಗಳು ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆದಿದ್ದ ಎರಡು ಉತ್ತರಪತ್ರಿಕೆಗಳ ಪ್ರತಿ ಮಾಡಿಸಿ ಬೇರೆ ಬೇರೆ ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ತಿದ್ದಿ ಕಳಿಸಿದ ಅಂಕಗಳನ್ನು ಪ್ರಕಟಿಸಿದರು. ನೂರಕ್ಕೆ ಲೆಕ್ಕ ಹಾಕಿದಾಗ ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟಿದ್ದರೆ ಮತ್ತೊಬ್ಬರು 98 ಕೊಟ್ಟಿದ್ದರು. ಇನ್ನೊಂದು ಪತ್ರಿಕೆಗೆ ಬಂದ ಅಂಕಗಳು 50ರಿಂದ 97ರವರೆಗೆ ಹರಡಿದ್ದವು. ಬರೆದ ಕೈ ಒಂದೇ, ಬರೆದ ಮಾತೂ ಒಂದೇ. ಬದಲಾದದ್ದು ತಿದ್ದಿದವರು ಮಾತ್ರ.

ಇದು ಶಿಕ್ಷಕರ ಉದಾಸೀನದಿಂದ ಆದದ್ದಲ್ಲ. ನಿಜವಾದ ಕಾರಣ 1961ರಲ್ಲಿ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವೀಸ್‌ನ ಪಾಲ್ ಡೀಡೆರಿಕ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಬೆಳಕಿಗೆ ಬಂತು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು ಬರೆದ 300 ಪ್ರಬಂಧಗಳನ್ನು ಅವರು 53 ಓದುಗರಿಗೆ ಕೊಟ್ಟರು. ಅವರಲ್ಲಿ ಇಂಗ್ಲಿಷ್ ಅಧ್ಯಾಪಕರಿದ್ದರು, ವಿಜ್ಞಾನದ ಅಧ್ಯಾಪಕರಿದ್ದರು, ವಕೀಲರು, ಸಂಪಾದಕರು, ವ್ಯಾಪಾರ ಸಂಸ್ಥೆಗಳವರೂ ಇದ್ದರು. ಯಾವ ಸೂಚನೆಯೂ ಇಲ್ಲದೆ, ಮೆಚ್ಚಿಗೆಯಾದಂತೆ ಒಂಬತ್ತು ಗುಂಪುಗಳಾಗಿ ವಿಂಗಡಿಸಿ ಎಂದಷ್ಟೇ ಹೇಳಿದರು. 300ರಲ್ಲಿ 101 ಪ್ರಬಂಧಗಳು ಒಂಬತ್ತೂ ಗುಂಪುಗಳಲ್ಲಿ ಕಾಣಿಸಿಕೊಂಡವು. ಐದಕ್ಕಿಂತ ಕಡಿಮೆ ಗುಂಪುಗಳಲ್ಲಿ ಬಿದ್ದ ಪ್ರಬಂಧ ಒಂದೂ ಇರಲಿಲ್ಲ.

ಓದುಗರು ಪ್ರಬಂಧಗಳ ಮೇಲೆ ಬರೆದ ಟಿಪ್ಪಣಿಗಳನ್ನು ಪರಿಶೀಲಿಸಿದಾಗ ಒಂದು ಮಾದರಿ ಕಾಣಿಸಿತು. ಕೆಲವರು ವಿಚಾರವನ್ನು ನೋಡಿ ಅಂಕ ಕೊಡುತ್ತಿದ್ದರು. ಕೆಲವರು ತಪ್ಪುಗಳನ್ನು ಎಣಿಸುತ್ತಿದ್ದರು. ಇನ್ನು ಕೆಲವರಿಗೆ ಜೋಡಣೆ ಮುಖ್ಯವಾಗಿತ್ತು, ಕೆಲವರಿಗೆ ಪದಗಳ ಆಯ್ಕೆ, ಮತ್ತೆ ಕೆಲವರಿಗೆ ಬರೆದವರ ಧಾಟಿ. ಎಲ್ಲರೂ ಪ್ರಾಮಾಣಿಕರೇ, ಆದರೆ ಒಬ್ಬೊಬ್ಬರು ಒಂದೊಂದನ್ನು ಅಳೆಯುತ್ತಿದ್ದರು. ಹಾಗಾದರೆ ಏನನ್ನು ಅಳೆಯಬೇಕು, ಎಷ್ಟು ತೂಕ ಕೊಡಬೇಕು ಎಂಬುದನ್ನು ಓದುವ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಇಂದು ರೂಬ್ರಿಕ್ಸ್ ಎಂದು ಕರೆಯುವ ಕೋಷ್ಟಕದ ಹಿಂದಿರುವುದು ಈ ಸರಳ ತರ್ಕ. ಎಡಗಡೆ ಮಾನದಂಡಗಳು, ಮೇಲ್ಗಡೆ ಹಂತಗಳು, ಒಳಗಿನ ಪ್ರತಿ ಮನೆಯಲ್ಲೂ ಆ ಹಂತದ ಬರವಣಿಗೆ ಹೇಗಿರುತ್ತದೆಂಬ ವಿವರಣೆ, ಜೊತೆಗೆ ಅಂಕ.

ಅಂಕ ಹಂಚುವ ಒಂದು ಪದ್ಧತಿ ನಮ್ಮ ಶಾಲೆಗಳಲ್ಲಿ ಮೊದಲಿನಿಂದಲೂ ಇದೆ. ಪೀಠಿಕೆಗೆ ಇಷ್ಟು, ವಿಷಯ ವಿವರಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು. ಇದು ಏನೂ ಇಲ್ಲದಿರುವುದಕ್ಕಿಂತ ವಾಸಿ. ಆದರೆ ಇದು ಭಾಗಗಳಿಗೆ ಕೊಡುವ ಅಂಕ, ಗುಣಕ್ಕೆ ಕೊಡುವ ಅಂಕವಲ್ಲ. ಪೀಠಿಕೆ ಎಂಬ ತಲೆಬರಹದ ಕೆಳಗೆ ಗೈಡಿನಿಂದ ಬಾಯಿಪಾಠ ಮಾಡಿದ ಎರಡು ಸಾಲು ಇದ್ದರೂ ಆ ಅಂಕ ಸಿಕ್ಕಿಬಿಡುತ್ತದೆ. ಭಾಗ ಇದೆಯೇ ಎಂದು ಈ ಪದ್ಧತಿ ಕೇಳುತ್ತದೆ, ಆ ಭಾಗದಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮಕ್ಕಳು ತಲೆಬರಹಗಳನ್ನು ಅಚ್ಚುಕಟ್ಟಾಗಿ ಹಾಕಿ, ಕೆಳಗೆ ಗೆರೆ ಎಳೆದು, ಒಳಗೆ ಯಾವ ಊರಿಗೂ ಹೊಂದುವ ಮಾತುಗಳನ್ನು ತುಂಬುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ಕೋಷ್ಟಕವನ್ನು ಹತ್ತಿರದಿಂದ ನೋಡೋಣ. ಒಂಬತ್ತನೇ ತರಗತಿ, ವಿಷಯ ‘ನಮ್ಮೂರ ಕೆರೆ’, ಒಟ್ಟು 20 ಅಂಕ ಎಂದಿಟ್ಟುಕೊಳ್ಳಿ. ಇದನ್ನು ಉದಾಹರಣೆಗೆಂದು ನಾನೇ ಸಿದ್ಧಪಡಿಸಿದ್ದೇನೆ.

| ಮಾನದಂಡ | 4ನೇ ಹಂತ | 3ನೇ ಹಂತ | 2ನೇ ಹಂತ | 1ನೇ ಹಂತ |
|---|---|---|---|---|
| ವಿಷಯ | ತಾನು ಕಂಡ, ಕೇಳಿದ ವಿವರಗಳಿವೆ. ಅವುಗಳ ಕಾರಣ ಅಥವಾ ಪರಿಣಾಮವನ್ನೂ ಹೇಳಿದೆ (8) | ಸ್ವಂತ ವಿವರಗಳಿವೆ. ಕಾರಣ, ಪರಿಣಾಮ ಕೆಲವೆಡೆ ಮಾತ್ರ (6) | ಯಾವ ಊರಿನ ಕೆರೆಗೂ ಹೊಂದುವ ಮಾತುಗಳೇ ಹೆಚ್ಚು (4) | ಒಂದೆರಡು ವಾಕ್ಯ ಮಾತ್ರ ಕೆರೆಯ ಬಗ್ಗೆ ಇದೆ (2) |
| ಜೋಡಣೆ | ಒಂದು ಪ್ಯಾರಾಕ್ಕೆ ಒಂದು ವಿಚಾರ. ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಇದೆ (4) | ಪ್ಯಾರಾಗಳು ಸ್ಪಷ್ಟ. ನಡುವಿನ ಕೊಂಡಿ ಅಲ್ಲಲ್ಲಿ ತಪ್ಪಿದೆ (3) | ಒಂದೇ ಪ್ಯಾರಾದಲ್ಲಿ ಹಲವು ವಿಚಾರ. ಆದರೂ ಓದುತ್ತಾ ಹೋಗಬಹುದು (2) | ವಾಕ್ಯಗಳ ಕ್ರಮ ಬದಲಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ (1) |
| ಭಾಷೆ | ವಾಕ್ಯಗಳು ಪೂರ್ಣ. ಪದಗಳು ವಿಷಯಕ್ಕೆ ತಕ್ಕವು (4) | ಇವೆರಡರಲ್ಲಿ ಒಂದು ಮಾತ್ರ ಸಾಧಿಸಿದೆ (3) | ಹಲವು ವಾಕ್ಯಗಳು ಅರ್ಧಕ್ಕೇ ನಿಂತಿವೆ, ಪದಗಳೂ ಸವಕಲು. ಅರ್ಥವಾಗುತ್ತದೆ (2) | ಎರಡು ಸಲ ಓದಿದರೂ ಅರ್ಥ ಹತ್ತದ ವಾಕ್ಯಗಳೇ ಹೆಚ್ಚು (1) |
| ಕಾಗುಣಿತ, ಲೇಖನ ಚಿಹ್ನೆ | ತಪ್ಪು ಅಪರೂಪ (4) | ತಪ್ಪುಗಳಿವೆ. ಓದಿಗೆ ಅಡ್ಡಿಯಿಲ್ಲ (3) | ಓದು ಅಲ್ಲಲ್ಲಿ ತಡೆಯುತ್ತದೆ (2) | ಯಾವ ಪದವೆಂದು ಊಹಿಸಬೇಕಾಗುತ್ತದೆ (1) |

ಇದರಲ್ಲಿ ಮೊದಲು ಗಮನಿಸಬೇಕಾದದ್ದು ಮನೆಗಳೊಳಗಿನ ಮಾತು. ಅನೇಕ ಶಾಲೆಗಳಲ್ಲಿ ನಾಲ್ಕು ಹಂತಗಳಿಗೆ ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಿಸಬೇಕು ಎಂದು ಹೆಸರಿಟ್ಟು, ಒಳಗೂ ವಿಷಯ ನಿರೂಪಣೆ ಅತ್ಯುತ್ತಮವಾಗಿದೆ, ಉತ್ತಮವಾಗಿದೆ ಎಂದೇ ಬರೆದಿರುತ್ತಾರೆ. ಅಂಥ ಕೋಷ್ಟಕದಿಂದ ಏನೂ ಬದಲಾಗುವುದಿಲ್ಲ. ಉತ್ತಮ ಯಾವುದು, ಸಾಧಾರಣ ಯಾವುದು ಎಂಬುದನ್ನು ಮತ್ತೆ ಓದುವವರೇ ಮನಸ್ಸಿನಲ್ಲಿ ತೀರ್ಮಾನಿಸಬೇಕು. ಮನೆಯೊಳಗಿನ ಮಾತು ಹಾಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದದ್ದನ್ನು ಹೇಳಬೇಕು. ‘ಯಾವ ಊರಿನ ಕೆರೆಗೂ ಹೊಂದುವ ಮಾತು’ ಎಂದರೆ ತೋರಿಸಬಹುದು: ಪ್ರಬಂಧದಲ್ಲಿ ಊರಿನ ಹೆಸರು ತೆಗೆದು ಪಕ್ಕದ ಊರಿನ ಹೆಸರು ಹಾಕಿ ಓದಿ. ಒಂದು ವಾಕ್ಯವೂ ಸುಳ್ಳಾಗದಿದ್ದರೆ ಅದು ಎರಡನೇ ಹಂತ.

ಹಾಗೆಂದು ಎಣಿಕೆಗೆ ಇಳಿಯುವುದೂ ಅಪಾಯ. ಐದು ಅಂಶ ಬರೆದರೆ ಪೂರ್ಣ ಅಂಕ ಎಂದು ಬರೆದ ಕೋಷ್ಟಕದಲ್ಲಿ ಇಬ್ಬರು ಶಿಕ್ಷಕರ ಅಂಕ ಚೆನ್ನಾಗಿ ಹೊಂದುತ್ತದೆ ನಿಜ. ಆದರೆ ಮಕ್ಕಳು ಐದು ಸಣಕಲು ಅಂಶಗಳನ್ನು ಪಟ್ಟಿ ಮಾಡಿ ನಿಲ್ಲಿಸುತ್ತಾರೆ. ಒಂದೇ ವಿಚಾರವನ್ನು ಆಳಕ್ಕೆ ಕೊಂಡೊಯ್ದ ಹುಡುಗಿಗೆ ಒಂದಂಶದ ಅಂಕ ಸಿಗುತ್ತದೆ. ಕಾರಣವೋ ಪರಿಣಾಮವೋ ಇದೆಯೇ ಎಂದು ಕೇಳುವುದು ಎಣಿಕೆಗಿಂತ ತುಸು ಕಷ್ಟ, ಆದರೆ ಬರವಣಿಗೆಯ ಗುಣ ಕಾಣುವುದು ಅಲ್ಲೇ.

ಇನ್ನು ಇದನ್ನು ಬಳಸಿ ಎರಡು ಪ್ರಬಂಧಗಳನ್ನು ತಿದ್ದೋಣ. ಇವೂ ಉದಾಹರಣೆಗೆ ಬರೆದವೇ, ಆದರೆ ತರಗತಿಯ ನೋಟ್‌ಬುಕ್ ತಿದ್ದಿದವರಿಗೆ ಎರಡೂ ಪರಿಚಿತ ಅನ್ನಿಸುತ್ತವೆ.

ಮೊದಲನೆಯ ಪ್ರಬಂಧದ ಅಕ್ಷರ ಮುತ್ತು ಪೋಣಿಸಿದಂತಿದೆ. ಅದರ ಮಾತು ಹೀಗೆ: ‘ನೀರು ಪ್ರಕೃತಿಯ ಅಮೂಲ್ಯ ಕೊಡುಗೆ. ನಮ್ಮೂರಿನಲ್ಲಿ ಒಂದು ಸುಂದರವಾದ ಕೆರೆ ಇದೆ. ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿಸಿ ಜನರಿಗೆ ಉಪಕಾರ ಮಾಡಿದರು. ಇಂದು ಕೆರೆಗಳು ಕಲುಷಿತವಾಗುತ್ತಿವೆ. ಆದ್ದರಿಂದ ಕೆರೆಗಳನ್ನು ಸಂರಕ್ಷಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ.’ ಪ್ಯಾರಾಗಳಿವೆ, ಕಾಗುಣಿತದ ತಪ್ಪು ಒಂದೂ ಇಲ್ಲ.

ಎರಡನೆಯದು ಒಂದೇ ಉದ್ದ ಪ್ಯಾರಾ: ‘ನಮ್ಮೂರ ಕೆರೆ ಹೇರಿ ಮೇಲೆ ನಿಂತರೆ ಗದ್ದೆ ಎಲ್ಲ ಕಾಣುತ್ತೆ ತೂಬು ಹೂಳಲ್ಲಿ ಮುಚಿದೆ ಅದಕ್ಕೆ ಕೆಳಗಿನ ಗದ್ದೆಗೆ ನೀರು ಬರಲ್ಲ. ಅಜ್ಜ ಏಳಿದರು ಮೊದಲು ಬೇಸಿಗೆಲಿ ಊರವರು ಸೇರಿ ಹೂಳು ತೆಗೆದು ಆ ಮಣ್ಣು ಹೊಲಕ್ಕೆ ಆಕ್ತಿದ್ದರು ಈಗ ಬೋರ್‌ವೆಲ್ ಬಂದ ಮೇಲೆ ಕೆರೆ ಕೆಲಸಕ್ಕೆ ಯಾರೂ ಬರಲ್ಲ. ಕೋಡಿ ಹತಿರ ಒತ್ತುವರಿ ಆಗಿ ಮಳೇಲಿ ನೀರು ರಸ್ತೆಗೆ ಬರುತ್ತೆ.’

ಮೊದಲನೆಯದಕ್ಕೆ ಸಾಲು ಸಾಲಾಗಿ ಅಂಕ ಹಾಕಿದರೆ: ವಿಷಯದಲ್ಲಿ ಎರಡನೇ ಹಂತ, 4 ಅಂಕ. ಊರ ಹೆಸರು ಬದಲಿಸಿದರೂ ಏನೂ ಸುಳ್ಳಾಗುವುದಿಲ್ಲ. ಜೋಡಣೆಗೆ 3, ಏಕೆಂದರೆ ಪ್ಯಾರಾಗಳು ಸ್ಪಷ್ಟವಿದ್ದರೂ ಹಿರಿಯರ ಉಪಕಾರದಿಂದ ಕಲುಷಿತ ನೀರಿಗೆ ಜಿಗಿಯುವಲ್ಲಿ ಕೊಂಡಿಯಿಲ್ಲ. ಭಾಷೆಗೆ 3: ವಾಕ್ಯಗಳು ಪೂರ್ಣ, ಪದಗಳು ಸವಕಲು. ಕಾಗುಣಿತಕ್ಕೆ 4. ಒಟ್ಟು 14.

ಎರಡನೆಯದಕ್ಕೆ ವಿಷಯದಲ್ಲಿ ನಾಲ್ಕನೇ ಹಂತ, 8 ಅಂಕ. ತೂಬು ಮುಚ್ಚಿದ್ದಕ್ಕೆ ನೀರು ಬರುವುದಿಲ್ಲ, ಬೋರ್‌ವೆಲ್ ಬಂದಿದ್ದಕ್ಕೆ ಜನ ಬರುವುದಿಲ್ಲ, ಕೋಡಿ ಒತ್ತುವರಿಯಾಗಿದ್ದಕ್ಕೆ ರಸ್ತೆಗೆ ನೀರು. ಕೆರೆಯ ಅವನತಿಯ ಕಾರಣಗಳನ್ನು ಈ ಮಗು ಸರಿಯಾಗಿ ಕಂಡಿದೆ. ಜೋಡಣೆಗೆ 2. ಭಾಷೆಗೆ 3: ತೂಬು, ಕೋಡಿ, ಹೂಳು ಎಂಬ ತಕ್ಕ ಪದಗಳಿವೆ, ಆದರೆ ವಾಕ್ಯಗಳು ಒಂದರೊಳಗೊಂದು ನುಗ್ಗಿವೆ. ಕಾಗುಣಿತಕ್ಕೆ 2. ಒಟ್ಟು 15.

ಒಂದೇ ಅಂಕದ ವ್ಯತ್ಯಾಸ, ಆದರೆ ಆ ಒಂದು ಅಂಕ ಎಲ್ಲಿಂದ ಬಂತೆಂದು ನೋಡಿ. ಇದೇ ಕೋಷ್ಟಕದಲ್ಲಿ ವಿಷಯಕ್ಕೂ ಉಳಿದವುಗಳಂತೆ ನಾಲ್ಕೇ ಅಂಕ ಇಟ್ಟು, ಒಟ್ಟು 16 ಮಾಡಿದ್ದರೆ ಮೊದಲನೆಯ ಮಗುವಿಗೆ 12, ಎರಡನೆಯದಕ್ಕೆ 11 ಬರುತ್ತಿತ್ತು. ಹಂತಗಳು ಬದಲಾಗಲಿಲ್ಲ, ಮಕ್ಕಳ ಬರವಣಿಗೆಯೂ ಬದಲಾಗಲಿಲ್ಲ. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಕೋಷ್ಟಕದಲ್ಲಿ ನಿಜವಾದ ತೀರ್ಪು ಅಡಗಿರುವುದು ಈ ತೂಕದಲ್ಲಿ. ಡೀಡೆರಿಕ್ ಮುಂದೆ ಶಾಲೆಗಳಿಗಾಗಿ ರೂಪಿಸಿದ 50 ಅಂಕದ ಮಾಪನದಲ್ಲಿ ವಿಚಾರಕ್ಕೆ 10, ಜೋಡಣೆಗೆ 10, ಕಾಗುಣಿತ, ಚಿಹ್ನೆ, ಕೈಬರಹ ಮುಂತಾದ ಉಳಿದ ಆರಕ್ಕೆ ತಲಾ 5 ಇಟ್ಟಿದ್ದರು. ಯಾವುದಕ್ಕೆ ದುಪ್ಪಟ್ಟು ಎಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ. ಶಿಕ್ಷಕರು ಯೋಚಿಸಿ ನಿರ್ಧರಿಸಬೇಕು, ಮಕ್ಕಳ ಹಾಳೆ ಕೈಗೆ ಬರುವ ಮೊದಲೇ ನಿರ್ಧರಿಸಬೇಕು.

ತೂಕ ಕೆಡುವ ಇನ್ನೊಂದು ದಾರಿ ಒಂದೇ ತಪ್ಪಿಗೆ ಎರಡು ಕಡೆ ಅಂಕ ಕಳೆಯುವುದು. ‘ಹೇರಿ’ ಎಂದು ಬರೆದದ್ದು ಕಣ್ಣಿಗೆ ಚುಚ್ಚಿದಾಗ ಕಾಗುಣಿತದ ಸಾಲಿನಲ್ಲಿ ಒಂದು ಹಂತ ಇಳಿಸುತ್ತೇವೆ. ಅದೇ ಬೇಸರದಲ್ಲಿ ಭಾಷೆಯ ಸಾಲಿನಲ್ಲೂ ಇಳಿಸುತ್ತೇವೆ, ಕೊನೆಗೆ ವಿಷಯವೂ ಅಷ್ಟಕ್ಕಷ್ಟೇ ಎನ್ನಿಸಲು ತೊಡಗುತ್ತದೆ. ಒಂದು ಅಂಕದ ತಪ್ಪು ಹೀಗೆ ನಾಲ್ಕು ಅಂಕ ತಿನ್ನುತ್ತದೆ. ಇದನ್ನು ತಡೆಯಲು ಯಾವ ತಪ್ಪು ಯಾವ ಸಾಲಿಗೆ ಸೇರುತ್ತದೆಂದು ಕೋಷ್ಟಕದ ಕೆಳಗೆ ಬರೆದಿಡಬೇಕು. ಅಕ್ಷರ ಮತ್ತು ಚಿಹ್ನೆಯ ತಪ್ಪು ಕಾಗುಣಿತಕ್ಕೆ ಮಾತ್ರ, ಆಡುಮಾತಿನ ರೂಪ ಮತ್ತು ಅರ್ಧ ವಾಕ್ಯ ಭಾಷೆಗೆ ಮಾತ್ರ.

ಕನ್ನಡ ತರಗತಿಗೆ ಇದರ ಜೊತೆ ಒಂದು ನಿಯಮ ಬೇಕು. ಎರಡನೆಯ ಪ್ರಬಂಧದಲ್ಲಿ ಹೇರಿ, ಏಳಿದರು, ಆಕ್ತಿದ್ದರು ಎಂಬ ಮೂರು ಪದಗಳಿದ್ದರೂ ತಪ್ಪು ಒಂದೇ: ಅಕಾರ ಹಕಾರಗಳ ಅದಲುಬದಲು. ಹಲವು ಕಡೆ ಮನೆಯಲ್ಲಿ, ಬೀದಿಯಲ್ಲಿ ಕಿವಿಗೆ ಬೀಳುವ ಕನ್ನಡವೇ ಹಾಗಿದೆ. ಅಲ್ಪಪ್ರಾಣ ಮಹಾಪ್ರಾಣ, ಶ ಷ ಸ, ಲ ಳ ಇವೆಲ್ಲ ಇದೇ ಜಾತಿಯವು. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ಕೊಂಕಣಿ ಆಡುವ ಮಕ್ಕಳೂ ಅದೇ ತರಗತಿಯಲ್ಲಿ ಕೂತು ಬರೆಯುತ್ತಾರೆ. ಆದ್ದರಿಂದ ಒಂದೇ ಬಗೆಯ ತಪ್ಪು ಹತ್ತು ಸಲ ಬಂದರೂ ಒಂದೇ ಎಂದು ಗಣಿಸಬೇಕು. ಹಾಗೆ ಗಣಿಸಿದ ಮೇಲೂ ಈ ಮಗುವಿಗೆ ಕಾಗುಣಿತದಲ್ಲಿ 2 ಬಂದದ್ದು ಮುಚಿದೆ, ಹತಿರ ಎಂದು ಒತ್ತಕ್ಷರ ಬಿಟ್ಟದ್ದಕ್ಕೆ, ಪೂರ್ಣವಿರಾಮ ಇಲ್ಲದೆ ಓದು ಅಲ್ಲಲ್ಲಿ ತಡೆದದ್ದಕ್ಕೆ. ಯಾವುದನ್ನು ಕಲಿಸಬೇಕೆಂದು ಈಗ ಶಿಕ್ಷಕರಿಗೂ ಗೊತ್ತು.

ಕೋಷ್ಟಕ ಬರೆದ ಕೂಡಲೇ ಅದು ನಂಬಿಕೆಗೆ ಅರ್ಹವಾಗುವುದಿಲ್ಲ, ಪರೀಕ್ಷಿಸಬೇಕು. ಅದಕ್ಕೆ ಒಂದು ಸಂಜೆ ಸಾಕು. ಐದಾರು ಪ್ರಬಂಧ ಆರಿಸಿ, ಹೆಸರು ಕಾಣದಂತೆ ಮಾಡಿ, ಇಬ್ಬರು ಶಿಕ್ಷಕರು ಪರಸ್ಪರ ಕೇಳದೆ ತಿದ್ದಬೇಕು. ಆಮೇಲೆ ಒಟ್ಟು ಅಂಕವನ್ನಲ್ಲ, ಸಾಲುಗಳನ್ನು ಹೋಲಿಸಬೇಕು. ಒಟ್ಟು ಮೋಸ ಮಾಡುತ್ತದೆ. ಒಬ್ಬರು ವಿಷಯದಲ್ಲಿ ಎರಡು ಹೆಚ್ಚು, ಕಾಗುಣಿತದಲ್ಲಿ ಎರಡು ಕಡಿಮೆ ಕೊಟ್ಟಿದ್ದರೆ ಒಟ್ಟು ಒಂದೇ ಬಂದು ಇಬ್ಬರೂ ಒಪ್ಪಿದಂತೆ ಕಾಣುತ್ತದೆ. ಒಂದು ಸಾಲಿನಲ್ಲಿ ಪಕ್ಕದ ಹಂತಕ್ಕೆ ಸರಿದಿದ್ದರೆ ಚಿಂತೆಯಿಲ್ಲ. ಎರಡು ಹಂತ ದೂರವಾಗಿದ್ದರೆ ಆ ಮನೆಯ ಮಾತಿನಲ್ಲಿ ಏನೋ ಅಸ್ಪಷ್ಟವಿದೆ. ಆಗ ಶಿಕ್ಷಕರಲ್ಲಿ ಯಾರು ಸರಿ ಎಂದು ವಾದಿಸುವ ಬದಲು ಆ ಮಾತನ್ನು ತಿದ್ದಬೇಕು. ಇಬ್ಬರೂ ಒಪ್ಪಿದ ಪ್ರಬಂಧಗಳನ್ನು ಹಂತಕ್ಕೊಂದರಂತೆ ಮಾದರಿಯಾಗಿ ಎತ್ತಿಟ್ಟುಕೊಂಡರೆ ಮುಂದಿನ ವರ್ಷ ಹೊಸದಾಗಿ ಬಂದವರಿಗೂ ನೆರವಾಗುತ್ತದೆ.

ನಲವತ್ತು ಹಾಳೆ ತಿದ್ದುವಾಗ ಕೈ ತಾನಾಗಿಯೇ ಸಡಿಲವಾಗುವುದೂ ಬಿಗಿಯಾಗುವುದೂ ಉಂಟು. ಬಹಳ ಚೆನ್ನಾದ ಪ್ರಬಂಧದ ಬೆನ್ನಿಗೆ ಬಂದ ಸಾಧಾರಣ ಪ್ರಬಂಧ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಮೊದಲ ನಾಲ್ಕೈದು ಹಾಳೆಗಳನ್ನು ಹಾಕಿದ ಅಂಕ ನೋಡದೆ ಮತ್ತೊಮ್ಮೆ ತಿದ್ದಿದರೆ ಕೈ ಎಷ್ಟು ಜಾರಿದೆ ಎಂದು ತಿಳಿಯುತ್ತದೆ.

ಒಟ್ಟು ಅಂಕವನ್ನು ಶೇಕಡಾವಾರಾಗಿ ಬದಲಿಸುವಾಗಲೂ ಎಚ್ಚರ ಬೇಕು. ನಮ್ಮ ಕೋಷ್ಟಕದಲ್ಲಿ ಎಲ್ಲ ಸಾಲಿನಲ್ಲೂ ಕೊನೆಯ ಹಂತ ಬಂದರೂ 5 ಅಂಕ, ಅಂದರೆ ಶೇ. 25. ಎಲ್ಲ ಸಾಲಿನಲ್ಲೂ ಮೂರನೇ ಹಂತ ಬಂದರೆ ಶೇ. 75. ಒಂಬತ್ತನೇ ತರಗತಿಯ ಮಗುವಿಗೆ ಮೂರನೇ ಹಂತ ನಿಜಕ್ಕೂ ಒಳ್ಳೆಯ ಬರವಣಿಗೆ. ಆದರೆ ಬೇರೆ ವಿಷಯಗಳಲ್ಲಿ ತೊಂಬತ್ತರ ಮೇಲಿನ ಅಂಕ ನೋಡಿ ರೂಢಿಯಾದ ಪೋಷಕರಿಗೆ 75 ಕಡಿಮೆ ಅನ್ನಿಸುತ್ತದೆ. ಹಂತ ಎಂದರೇನೆಂದು ಮೊದಲೇ ತಿಳಿಸಿದರೆ ಈ ಗೊಂದಲ ಬರುವುದಿಲ್ಲ. ವಿಷಯ ಬಿಟ್ಟು ಬೇರೇನೋ ಬರೆದ ಹಾಳೆಗೆ, ಖಾಲಿ ಹಾಳೆಗೆ ಸೊನ್ನೆ ಎಂಬುದನ್ನೂ ಪ್ರತ್ಯೇಕವಾಗಿ ಬರೆದಿಡಬೇಕು. ಇಲ್ಲವಾದರೆ ಯಾವ ಮನೆಗೂ ಹೊಂದದ ಹಾಳೆ ಬಂದಾಗ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ.

ಕೋಷ್ಟಕಕ್ಕೆ ಸಿಗದ ಬರವಣಿಗೆಯೂ ಇರುತ್ತದೆ. ಕೆರೆಯೇ ಮಾತಾಡಿದಂತೆ ಒಬ್ಬ ಹುಡುಗ ಬರೆದಾನು. ಪ್ಯಾರಾ ಪ್ಯಾರಾ ಕೊಂಡಿಯ ನಿಯಮ ಮುರಿದು ಕತೆಯಂತೆ ಸಾಗಿದ ಪ್ರಬಂಧ ಎಲ್ಲಕ್ಕಿಂತ ಚೆನ್ನಾಗಿರಬಹುದು. ಅದನ್ನು ಎಳೆದು ಮನೆಯೊಳಗೆ ಕೂರಿಸುವುದು ಅನ್ಯಾಯ. ಅಂಥ ಹಾಳೆಯನ್ನು ಬದಿಗಿಟ್ಟು ಇನ್ನೊಬ್ಬ ಶಿಕ್ಷಕರಿಗೆ ಓದಿಸಿ, ಇಬ್ಬರೂ ಸೇರಿ ಅಂಕ ನಿರ್ಧರಿಸಿ, ಏಕೆಂದು ಒಂದು ಸಾಲು ಬರೆಯುವುದು ಸರಿಯಾದ ದಾರಿ. ತರಗತಿಗೆ ಒಂದೋ ಎರಡೋ ಬರುವ ಇಂಥ ಹಾಳೆಗಳಿಗಾಗಿ ಉಳಿದವರಿಗೆ ಸಿಗುವ ನ್ಯಾಯವನ್ನು ಕೈಬಿಡಬೇಕಾಗಿಲ್ಲ.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ವಿನಂತಿ. ಕೋಷ್ಟಕವನ್ನು ತಿದ್ದುವ ದಿನ ಹೊರತೆಗೆಯಬೇಡಿ. ಬರೆಯಲು ಹೇಳುವ ದಿನವೇ ಬೋರ್ಡಿನ ಮೇಲೆ ಹಾಕಿ, ಮಕ್ಕಳು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಹಿಂದಿನ ವರ್ಷದ, ಹೆಸರು ತೆಗೆದ ಒಂದು ಪ್ರಬಂಧಕ್ಕೆ ಅವರ ಕೈಯಲ್ಲೇ ಅಂಕ ಹಾಕಿಸಿ. ಪೋಷಕರೇ, ಮಗುವಿನ ಪ್ರಬಂಧ ಮನೆಗೆ ಬಂದಾಗ ಇಪ್ಪತ್ತಕ್ಕೆ ಎಷ್ಟು ಎಂದು ಕೇಳಿ ನಿಲ್ಲಬೇಡಿ, ಯಾವ ಸಾಲಿನಲ್ಲಿ ಎಷ್ಟು ಎಂದು ಕೇಳಿ. ಹದಿನಾಲ್ಕು ಬಂದ ಮಗು ತನ್ನೂರ ಕೆರೆಯನ್ನು ನೋಡಿ ಬರಬೇಕಾಗಿದೆ, ಹದಿನೈದು ಬಂದ ಮಗು ಪ್ಯಾರಾ ಮತ್ತು ಪೂರ್ಣವಿರಾಮ ಕಲಿಯಬೇಕಾಗಿದೆ. ಇಬ್ಬರಿಗೂ ಇದನ್ನು ತಿಳಿಸಲು ಒಟ್ಟು ಅಂಕದಿಂದ ಆಗುವುದಿಲ್ಲ, ಸಾಲು ಸಾಲಿನ ಅಂಕದಿಂದ ಆಗುತ್ತದೆ.